ಬದಲಾದವರು ಹದಿನೈದು ಮಂದಿ

ತರಬೇತಿ ಮುಗಿದ ಸಂಜೆ ತಾಲ್ಲೂಕಿನಿಂದ ಜಿಲ್ಲಾ ಕಚೇರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಹೋಗುತ್ತದೆ. ರಿಜಿಸ್ಟರಿನ ಒಂದು ಪುಟ, ಸ್ಕೇಲಿಟ್ಟು ಎಳೆದ ಗೆರೆಗಳು, ಅಂಚಿನಲ್ಲಿ ಹೆಬ್ಬೆರಳಿನ ನೆರಳು. ತರಬೇತಿಗೆ ಮೊದಲು ಇಷ್ಟು ಮಂದಿಗೆ ಬರುತ್ತಿತ್ತು, ಆಮೇಲೆ ಇಷ್ಟು ಮಂದಿಗೆ ಬಂತು ಎಂಬ ಲೆಕ್ಕ ಅದರಲ್ಲಿರುತ್ತದೆ. ಕಚೇರಿಯಲ್ಲಿ ಯಾರೋ ಅದನ್ನು ಶೇಕಡಾವಾರಿಗೆ ತಿರುಗಿಸುತ್ತಾರೆ. ಏರಿಕೆ ಕಂಡರೆ ತರಬೇತಿ ಫಲಿಸಿತು ಎಂಬ ಸಾಲು ವರದಿಗೆ ಸೇರುತ್ತದೆ. ಆರೋಗ್ಯ, ಶಿಕ್ಷಣ, ಕೃಷಿ ವಿಸ್ತರಣೆ, ಸ್ವಸಹಾಯ ಸಂಘಗಳ ಲೆಕ್ಕಪತ್ರ ತರಬೇತಿ, ಎಲ್ಲೆಡೆಯೂ ರೂಢಿ ಹೆಚ್ಚುಕಡಿಮೆ ಇದೇ. ಆ ಏರಿಕೆ ನಿಜವಾದ ಬದಲಾವಣೆಯೋ, ಆಕಸ್ಮಿಕದ ಏರಿಳಿತವೋ ಎಂದು ತೂಗಿ ನೋಡಲು ಮುಕ್ಕಾಲು ಶತಮಾನದಿಂದ ಸರಳವಾದ ವಿಧಾನವೊಂದು ಇದೆ. ಅದಕ್ಕೆ ಬೇಕಾದ ಎರಡು ಅಂಕಿಗಳೇ ಇಂಥ ಫೋಟೊಗಳಲ್ಲಿ ಅನೇಕ ಸಲ ಇರುವುದಿಲ್ಲ.

ನಾಲ್ಕು ಮನೆಗಳ ಕೋಷ್ಟಕ

ವಿಷಯವನ್ನು ಒಂದು ಉದಾಹರಣೆಯ ಮೇಲೆ ನಿಲ್ಲಿಸಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಕಟ್ಟಿಕೊಂಡವು, ಸನ್ನಿವೇಶ ಮಾತ್ರ ಎಲ್ಲರೂ ಕಂಡಿರುವಂಥದು. ನಲವತ್ತು ಮಂದಿ ಅಂಗನವಾಡಿ ಕಾರ್ಯಕರ್ತೆಯರಿಗೆ ಓಆರ್‌ಎಸ್ ದ್ರಾವಣ ತಯಾರಿಸುವ ತರಬೇತಿ ನಡೆದಿದೆ. ಬೆಳಗ್ಗೆ ಪ್ರತಿಯೊಬ್ಬರೂ ಒಮ್ಮೆ ಮಾಡಿ ತೋರಿಸಿದ್ದಾರೆ, ಸಂಜೆ ಮತ್ತೊಮ್ಮೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ, ಅಳೆದ ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ, ಇಪ್ಪತ್ತನಾಲ್ಕು ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು ಎಂದು ಹೇಳಿದರೆ ‘ಹೌದು’. ಇವುಗಳಲ್ಲಿ ಒಂದು ತಪ್ಪಿದರೂ ‘ಇಲ್ಲ’. ಬೆಳಗ್ಗೆ 14 ಮಂದಿ ಹೌದು, ಸಂಜೆ 23 ಮಂದಿ ಹೌದು. ಶೇಕಡಾ 35ರಿಂದ 57.5ಕ್ಕೆ ಏರಿಕೆ.

ಇಲ್ಲಿ ಗಮನಿಸಬೇಕಾದದ್ದು, ಬೆಳಗಿನ ನಲವತ್ತೂ ಸಂಜೆಯ ನಲವತ್ತೂ ಬೇರೆ ಬೇರೆ ಜನರಲ್ಲ. ಒಬ್ಬೊಬ್ಬರಿಂದಲೂ ಎರಡು ಉತ್ತರಗಳು ಬಂದಿವೆ, ಆ ಎರಡು ಸೇರಿ ಒಂದು ಜೋಡಿ. ಹಾಗಾಗಿ ಪ್ರತಿಯೊಬ್ಬರೂ ನಾಲ್ಕು ಮನೆಗಳಲ್ಲಿ ಒಂದಕ್ಕೆ ಸೇರುತ್ತಾರೆ. ಎರಡು ಸಲವೂ ಸರಿ ಮಾಡಿದವರು 11. ಎರಡು ಸಲವೂ ತಪ್ಪಿದವರು 14. ಬೆಳಗ್ಗೆ ತಪ್ಪಿ ಸಂಜೆ ಸರಿ ಮಾಡಿದವರು 12. ಬೆಳಗ್ಗೆ ಸರಿ ಮಾಡಿ ಸಂಜೆ ತಪ್ಪಿದವರು 3. ಒಟ್ಟು ನಲವತ್ತು.

ಮೊದಲ ಎರಡು ಮನೆಗಳ 25 ಮಂದಿ ಇದ್ದಲ್ಲೇ ಇದ್ದಾರೆ. ಬದಲಾವಣೆ ಯಾವ ಕಡೆಗೆ ನಡೆಯಿತು ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಉತ್ತರ ಇರುವುದು ಉಳಿದ ಹದಿನೈದು ಮಂದಿಯಲ್ಲಿ. ಸಂಖ್ಯಾಶಾಸ್ತ್ರದಲ್ಲಿ ಇವರಿಗೆ ಡಿಸ್ಕಾರ್ಡೆಂಟ್ ಜೋಡಿಗಳು ಎಂದು ಹೆಸರು. ಎರಡು ಉತ್ತರ ಒಂದಕ್ಕೊಂದು ಹೊಂದದ ಜೋಡಿಗಳು ಎಂದರ್ಥ. ಬದಲಾದ ಜೋಡಿಗಳು ಎಂದರೆ ನಮಗೆ ಸಾಕು.

ಮೊತ್ತಗಳು ಮುಚ್ಚಿಡುವುದು

ವರದಿಗಳಲ್ಲಿ ಸಾಮಾನ್ಯವಾಗಿ ಬರುವುದು ಈ ನಾಲ್ಕು ಮನೆಗಳಲ್ಲ. ಬೆಳಗ್ಗೆ 14 ಹೌದು, 26 ಇಲ್ಲ. ಸಂಜೆ 23 ಹೌದು, 17 ಇಲ್ಲ ಎಂಬ ಇನ್ನೊಂದು ಕೋಷ್ಟಕ. ನೋಡಲು ಇದರಲ್ಲೂ ನಾಲ್ಕೇ ಅಂಕಿ, ಎರಡು ಸಾಲು, ಎರಡು ಕಂಬ. ಆದರೆ ಇದನ್ನು ಕೂಡಿದರೆ ಎಂಬತ್ತು ಬರುತ್ತದೆ. ನಲವತ್ತು ಜನರನ್ನು ಎರಡು ಸಲ ಎಣಿಸಲಾಗಿದೆ. ಇದರ ಮೇಲೆ ಸಾಧಾರಣ ಕೈ-ಸ್ಕ್ವೇರ್ ಪರೀಕ್ಷೆ ನಡೆಸಿದರೆ 4.07 ಬರುತ್ತದೆ, ಪಿ ಮೌಲ್ಯ ಸುಮಾರು 0.044. ಅನೇಕರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಆ ಪರೀಕ್ಷೆ ಹುಟ್ಟಿದ್ದು ಪರಸ್ಪರ ಸಂಬಂಧವಿಲ್ಲದ ಎರಡು ಗುಂಪುಗಳನ್ನು ಹೋಲಿಸುವುದಕ್ಕೆ. ಬೆಳಗಿನ ಲಕ್ಷ್ಮಮ್ಮ ಬೇರೆ, ಸಂಜೆಯ ಲಕ್ಷ್ಮಮ್ಮ ಬೇರೆ ಎಂದು ಅದು ನಂಬಿಕೊಂಡಿರುತ್ತದೆ.

ಈ ನಂಬಿಕೆಯಿಂದ ಆಗುವ ನಷ್ಟ ಎಷ್ಟೆಂದು ಅಳೆಯಬಹುದು. ಮೊತ್ತಗಳನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಮನೆಗಳನ್ನು ಮಾತ್ರ ಬದಲಿಸಿ ನೋಡಿ. ಸಂಜೆ ಒಬ್ಬರೂ ಹಿಂದೆ ಬಿದ್ದಿಲ್ಲ, ಒಂಬತ್ತು ಮಂದಿ ಮುಂದೆ ಬಂದರು ಎಂದುಕೊಂಡರೆ ಮೊತ್ತ 14 ಮತ್ತು 23. ಐದು ಮಂದಿ ಹಿಂದೆ ಬಿದ್ದು ಹದಿನಾಲ್ಕು ಮಂದಿ ಮುಂದೆ ಬಂದರೂ ಮೊತ್ತ 14 ಮತ್ತು 23. ಬೆಳಗ್ಗೆ ಬಲ್ಲವರಾಗಿದ್ದ ಹದಿನಾಲ್ಕೂ ಮಂದಿ ಸಂಜೆ ತಪ್ಪಿ, ಬೇರೆ ಇಪ್ಪತ್ತಮೂರು ಮಂದಿ ಕಲಿತುಬಿಟ್ಟರೂ ಮೊತ್ತ ಅದೇ. ಮೊದಲನೆಯದು ಯಾವ ತರಬೇತುದಾರರಿಗೂ ಹೆಮ್ಮೆಯ ಫಲಿತಾಂಶ. ಕೊನೆಯದು ನಿಜವಾದರೆ, ಸಂಜೆ ಏನನ್ನು ಕಲಿಸಲಾಯಿತು ಎಂದೇ ವಿಚಾರಣೆ ಆಗಬೇಕು. ಎಂಬತ್ತರ ಕೋಷ್ಟಕ ಈ ಮೂರಕ್ಕೂ ಒಂದೇ 4.07 ಹೇಳುತ್ತದೆ. ಬದಲಾದ ಜೋಡಿಗಳ ಲೆಕ್ಕವಾದರೋ ಮೊದಲನೆಯದಕ್ಕೆ 0.004, ಎರಡನೆಯದಕ್ಕೆ 0.064, ಮೂರನೆಯದಕ್ಕೆ ಸುಮಾರು 0.19 ಎಂಬ ಪಿ ಮೌಲ್ಯ ಕೊಡುತ್ತದೆ. ಅಂದರೆ ಮೊತ್ತಗಳಷ್ಟೇ ಇರುವ ಫೋಟೊ ಕೈಯಲ್ಲಿದ್ದರೆ, ಪರೀಕ್ಷೆ ಮಾಡಲು ಬರುವುದಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಫೋಟೊ ಎಷ್ಟೇ ಸ್ಪಷ್ಟವಾಗಿದ್ದರೂ ಅದರೊಳಗೆ ಇಲ್ಲದ ಅಂಕಿಯನ್ನು ಹೊರತೆಗೆಯಲಾಗದು.

ಹದಿನೈದು ನಾಣ್ಯಗಳು

ಬದಲಾದ ಜೋಡಿಗಳ ಲೆಕ್ಕದ ಹಿಂದಿರುವ ವಿಚಾರ ಹಳೆಯದು. 1710ರ ಸುಮಾರಿಗೆ ಲಂಡನ್ನಿನ ಅರಮನೆಯ ವೈದ್ಯರೊಬ್ಬರು ಆ ನಗರದ 82 ವರ್ಷಗಳ ನಾಮಕರಣದ ದಾಖಲೆಗಳನ್ನು ತೆಗೆದು ನೋಡಿದರು. ಪ್ರತಿ ವರ್ಷವೂ ಗಂಡುಮಕ್ಕಳ ಸಂಖ್ಯೆಯೇ ಹೆಚ್ಚಿತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು ನಾಣ್ಯ ಚಿಮ್ಮಿದಂತಿದ್ದರೆ, 82 ಸಲವೂ ಒಂದೇ ಮುಖ ಬೀಳುವುದು ಅಸಂಭವ ಎಂದು ಅವರು ವಾದಿಸಿದರು. ಅದನ್ನು ಅವರು ದೈವಸಂಕಲ್ಪಕ್ಕೆ ಸಾಕ್ಷಿಯಾಗಿ ಬಳಸಿದ್ದು ಬೇರೆ ಮಾತು, ಲೆಕ್ಕದ ದಾರಿ ಮಾತ್ರ ಉಳಿದುಕೊಂಡಿತು. 1947ರಲ್ಲಿ ಅಮೆರಿಕದ ಮನೋವಿಜ್ಞಾನಿಯೊಬ್ಬರು, ಒಂದೇ ಗುಂಪಿನಿಂದ ಎರಡು ಸಲ ಪಡೆದ ಶೇಕಡಾವಾರುಗಳ ವ್ಯತ್ಯಾಸವನ್ನು ಹೇಗೆ ಪರೀಕ್ಷಿಸಬೇಕು ಎಂದು ಒಂದು ಪುಟ್ಟ ಲೇಖನದಲ್ಲಿ ತೋರಿಸಿದರು. ಅದು ಅವರ ಹೆಸರಿನಿಂದಲೇ ಮೆಕ್‌ನೆಮಾರ್ ಪರೀಕ್ಷೆ ಎಂದು ಪ್ರಸಿದ್ಧವಾಯಿತು.

ವಾದ ಹೀಗೆ ಸಾಗುತ್ತದೆ. ಬೆಳಗಿಗೂ ಸಂಜೆಗೂ ಗುಂಪಿನ ಮಟ್ಟದಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ಒಂದು ಕ್ಷಣ ಒಪ್ಪಿಕೊಳ್ಳೋಣ. ಆಗಲೂ ಕೆಲವರ ಉತ್ತರ ಬದಲಾಗುತ್ತದೆ. ಯಾರದೋ ಕೈ ತಪ್ಪಿರುತ್ತದೆ, ಯಾರೋ ಊಹೆಯಿಂದ ಸರಿ ಹೇಳಿರುತ್ತಾರೆ. ಆದರೆ ಹಾಗೆ ಬದಲಾದವರು ಮುಂದಕ್ಕೆ ಹೋಗುವ ಸಾಧ್ಯತೆಯೂ ಹಿಂದಕ್ಕೆ ಬೀಳುವ ಸಾಧ್ಯತೆಯೂ ಸಮಸಮ. ಒಬ್ಬೊಬ್ಬರೂ ಒಂದೊಂದು ನಾಣ್ಯವಿದ್ದಂತೆ. ಹದಿನೈದು ನಾಣ್ಯ ಚಿಮ್ಮಿದರೆ ಒಟ್ಟು 32,768 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ‘ಹಿಂದಕ್ಕೆ’ ಎಂಬ ಮುಖ ಒಂದೂ ಬೀಳದ ಬಗೆ 1, ಒಂದು ಬೀಳುವ ಬಗೆ 15, ಎರಡು ಬೀಳುವ ಬಗೆ 105, ಮೂರು ಬೀಳುವ ಬಗೆ 455. ಮೂರು ಅಥವಾ ಅದಕ್ಕಿಂತ ಕಡಿಮೆ ಬೀಳುವ ಬಗೆಗಳು ಒಟ್ಟು 576. ತರಬೇತಿ ಕೆಡುಕನ್ನೂ ಮಾಡಿರಬಹುದು ಎಂಬ ಸಾಧ್ಯತೆಯನ್ನು ಮೊದಲೇ ತಳ್ಳಿಹಾಕಬಾರದಾದ್ದರಿಂದ, ಎದುರು ದಿಕ್ಕಿನ ಅಷ್ಟೇ ಬಗೆಗಳನ್ನೂ ಸೇರಿಸಿದರೆ 1,152. ಇದನ್ನು 32,768ರಿಂದ ಭಾಗಿಸಿದರೆ 0.035. ಏನೂ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ವಾಲಿದ ಫಲಿತಾಂಶ ನೂರರಲ್ಲಿ ಮೂರು-ನಾಲ್ಕು ಸಲ ಬರುತ್ತದೆ ಎಂದು ಇದರ ಅರ್ಥ. ಕಂಪ್ಯೂಟರಿನ ಹಾಳೆಯಲ್ಲಿ ಇಷ್ಟಕ್ಕೂ ಒಂದೇ ಸೂತ್ರ ಸಾಕು:

```
=2*BINOM.DIST(3,15,0.5,TRUE)
```

1947ರ ಲೇಖನದ ಸೂತ್ರ ಇನ್ನೂ ಚಿಕ್ಕದು. ಬದಲಾದ ಎರಡು ಮನೆಗಳ ವ್ಯತ್ಯಾಸದ ವರ್ಗವನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. 12ರಲ್ಲಿ 3 ಕಳೆದರೆ 9, ಅದರ ವರ್ಗ 81, ಅದನ್ನು 15ರಿಂದ ಭಾಗಿಸಿದರೆ 5.4, ಪಿ ಮೌಲ್ಯ 0.020. ಕ್ಯಾಲ್ಕ್ಯುಲೇಟರ್ ಇಲ್ಲದ ಕಾಲಕ್ಕೆ ಇದೊಂದು ವರ. ಆದರೆ ಇದು ಅಂದಾಜು, ಬದಲಾದವರ ಸಂಖ್ಯೆ ದೊಡ್ಡದಿದ್ದಾಗ ಮಾತ್ರ ನಂಬಬಹುದಾದ ಅಂದಾಜು. ಆ ಸಂಖ್ಯೆ 25ಕ್ಕಿಂತ ಕಡಿಮೆಯಿದ್ದರೆ ನಾಣ್ಯದ ನೇರ ಲೆಕ್ಕವನ್ನೇ ಬಳಸುವುದು ರೂಢಿ. ಅಂದಾಜಿನ ಅತ್ಯುತ್ಸಾಹಕ್ಕೆ ಕಡಿವಾಣವಾಗಿ ವ್ಯತ್ಯಾಸದಿಂದ ಒಂದನ್ನು ಕಳೆದು ವರ್ಗ ಮಾಡುವ ತಿದ್ದುಪಡಿಯೂ ಇದೆ. ಆಗ 64ನ್ನು 15ರಿಂದ ಭಾಗಿಸಿ 4.27, ಪಿ ಮೌಲ್ಯ 0.039. ಕೈಯಲ್ಲಿ ಮಾಡಿದರೆ 5.4, ತಂತ್ರಾಂಶದಲ್ಲಿ 4.27 ಬಂತು, ಎಲ್ಲೋ ತಪ್ಪಾಗಿದೆ ಎಂದು ತಲೆಕೆಡಿಸಿಕೊಳ್ಳುವವರುಂಟು. ಯಾರೂ ತಪ್ಪಿಲ್ಲ. ಕೆಲವು ತಂತ್ರಾಂಶಗಳು ಕೇಳದೆಯೇ ಈ ತಿದ್ದುಪಡಿಯನ್ನು ಹಚ್ಚಿಬಿಡುತ್ತವೆ. ಯಾವ ಲೆಕ್ಕ ಬಳಸಲಾಯಿತು ಎಂದು ವರದಿಯಲ್ಲಿ ಒಂದು ಸಾಲು ಬರೆದಿದ್ದರೆ ಗೊಂದಲವೇ ಹುಟ್ಟುತ್ತಿರಲಿಲ್ಲ.

ನಾಣ್ಯದ ಲೆಕ್ಕದಿಂದ ಇನ್ನೊಂದು ಮಾತೂ ಹೊರಬೀಳುತ್ತದೆ. ಬದಲಾದವರು ಐದೇ ಮಂದಿಯಾಗಿ, ಐವರೂ ಮುಂದಕ್ಕೇ ಹೋಗಿದ್ದರೂ ಪಿ ಮೌಲ್ಯ 0.0625. ರೂಢಿಯ 0.05ರ ಗೆರೆಯನ್ನು ದಾಟಲು ಕನಿಷ್ಠ ಆರು ಮಂದಿ, ಆರೂ ಒಂದೇ ಕಡೆಗೆ, ಬೇಕು. ತರಬೇತಿಗೆ ನೂರು ಮಂದಿ ಬಂದಿದ್ದರೂ ಈ ಮಾತು ಬದಲಾಗದು. ಮೊದಲೇ ಬಲ್ಲವರನ್ನು ಕೂರಿಸಿ ನಡೆಸಿದ ತರಬೇತಿಯಲ್ಲಿ ಬದಲಾಗಲು ಉಳಿದವರೇ ಕಡಿಮೆ. ಅಲ್ಲಿ ಪರೀಕ್ಷೆ ಮೌನವಾಗಿದ್ದರೆ ತರಬೇತಿ ವ್ಯರ್ಥ ಎಂದು ತೀರ್ಮಾನಿಸಲಾಗದು. ತೂಗಲು ತಕ್ಕಡಿಯಲ್ಲಿ ಸರಕೇ ಇರಲಿಲ್ಲ, ಅಷ್ಟೇ.

ಫೋಟೊದಿಂದ ಹಾಳೆಗೆ

ಲೆಕ್ಕ ಇಷ್ಟು ಸುಲಭವಾಗಿರುವಾಗ ತಪ್ಪುಗಳು ಲೆಕ್ಕದಲ್ಲಿ ಆಗುವುದು ಅಪರೂಪ. ಆಗುವುದು ಅದಕ್ಕೂ ಒಂದು ಹೆಜ್ಜೆ ಮೊದಲು, ಫೋಟೊದ ಅಂಕಿಗಳು ಕಂಪ್ಯೂಟರಿನ ಹಾಳೆಗೆ ಇಳಿಯುವಾಗ. ಕೈಬರಹದ 1 ಮತ್ತು 7, 3 ಮತ್ತು 8 ಒಂದರಂತೊಂದು ಕಾಣುವುದು ಎಲ್ಲರಿಗೂ ಗೊತ್ತು. ಇವು ಅಷ್ಟೇನೂ ಅಪಾಯಕಾರಿಯಲ್ಲ. 3 ಎಂಬುದನ್ನು 8 ಎಂದು ಓದಿದರೆ ನಾಲ್ಕು ಮನೆಗಳ ಮೊತ್ತ 45 ಆಗಿ, ಹಾಜರಿ ಪುಸ್ತಕದ ನಲವತ್ತರೊಂದಿಗೆ ತಾಳೆಯಾಗದೆ ತಾನೇ ಕೂಗಿ ಹೇಳುತ್ತದೆ. ಸಾಲಿನ ಮೊತ್ತ, ಕಂಬದ ಮೊತ್ತ, ಒಟ್ಟು ಮೊತ್ತ ಮೂರನ್ನೂ ಹೋಲಿಸಿದರೆ ಇಂಥ ತಪ್ಪು ಉಳಿಯುವುದಿಲ್ಲ. ಹಾಗೆ ಹೋಲಿಸದಿದ್ದರೆ ಒಂದೇ ಅಂಕಿಯ ವ್ಯತ್ಯಾಸವೂ ದುಬಾರಿ. 12 ಎಂಬುದನ್ನು 11 ಎಂದು ಓದಿದರೆ ಪಿ ಮೌಲ್ಯ 0.035ರಿಂದ 0.057ಕ್ಕೆ ಜಿಗಿಯುತ್ತದೆ.

ಮೊತ್ತಗಳಿಗೂ ಸಿಗದ ತಪ್ಪುಗಳು ಎರಡಿವೆ. ಒಂದು, ತಲೆಬರಹ ಕತ್ತರಿಸಿಹೋದ ಫೋಟೊ. ಸಾಲುಗಳು ಬೆಳಗಿನವೋ ಸಂಜೆಯವೋ ಎಂಬುದು ಕಾಣದಿದ್ದಾಗ ಓದುವವರು ಊಹಿಸುತ್ತಾರೆ. ಊಹೆ ತಲೆಕೆಳಗಾದರೆ 12 ಮತ್ತು 3 ಪರಸ್ಪರ ಸ್ಥಳ ಬದಲಿಸುತ್ತವೆ. ಒಟ್ಟು ಮೊತ್ತ ನಲವತ್ತೇ, ಬದಲಾದವರು ಹದಿನೈದೇ, 5.4 ಎಂಬುದೂ 0.035 ಎಂಬುದೂ ಹಾಗೆಯೇ. ಆದರೆ ಹನ್ನೆರಡು ಮಂದಿ ಕಲಿತ ತರಬೇತಿ, ಹನ್ನೆರಡು ಮಂದಿ ಮರೆತ ತರಬೇತಿಯಾಗಿ ವರದಿಯಾಗುತ್ತದೆ. ವರ್ಗ ಮಾಡಿದ ಮೇಲೆ ದಿಕ್ಕು ಉಳಿಯುವುದಿಲ್ಲ, ಆದ್ದರಿಂದ ಪರೀಕ್ಷೆಗೆ ಇದು ತಿಳಿಯುವುದೇ ಇಲ್ಲ. ಇದನ್ನು ಹಿಡಿಯಲು ಇರುವ ದಾರಿ, ಬೆಳಗಿನ ‘ಹೌದು’ ಎಷ್ಟು ಎಂಬುದನ್ನು ಫೋಟೊದ ಹೊರಗಿನಿಂದ, ತರಬೇತುದಾರರ ಬೆಳಗಿನ ಟಿಪ್ಪಣಿಯಿಂದಲೋ ಫೋನಿನಲ್ಲಿ ಕೇಳಿಯೋ ಖಚಿತಪಡಿಸಿಕೊಳ್ಳುವುದು.

ಎರಡನೆಯದು ಇನ್ನೂ ಮೆಲ್ಲಗೆ ನುಸುಳುವಂಥದು. ನಾಲ್ಕು ಮನೆಗಳ ಕೋಷ್ಟಕದ ಬದಲು ಇಡೀ ಹೆಸರಿನ ಪಟ್ಟಿಯೇ ಫೋಟೊದಲ್ಲಿ ಬಂದಿರುತ್ತದೆ. ಪ್ರತಿ ಹೆಸರಿನ ಮುಂದೆ ಎರಡು ಕಂಬ, ಒಂದೊಂದರಲ್ಲೂ ಸರಿ ಅಥವಾ ತಪ್ಪಿನ ಗುರುತು. ಪುಟ ಬಾಗಿದ್ದರಿಂದ ಬಲಗಡೆಯ ಕಂಬ ಒಂದು ಗೆರೆ ಕೆಳಗೆ ಜಾರಿದಂತೆ ಕಾಣುತ್ತದೆ. ಅಥವಾ ಸಂಜೆಯ ಹಾಳೆಯಲ್ಲಿ ಹೆಸರುಗಳು ಬೇರೆ ಕ್ರಮದಲ್ಲಿದ್ದು, ಓದುವವರು ಎರಡನ್ನೂ ಕ್ರಮಸಂಖ್ಯೆಯ ಪ್ರಕಾರ ಜೋಡಿಸಿಬಿಡುತ್ತಾರೆ. ಆಗ ಬೆಳಗಿನ ಹದಿನಾಲ್ಕೂ ಸಂಜೆಯ ಇಪ್ಪತ್ತಮೂರೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಮುರಿದದ್ದು ಜೋಡಿಗಳು ಮಾತ್ರ. ಒಬ್ಬರ ಬೆಳಗು ಇನ್ನೊಬ್ಬರ ಸಂಜೆಗೆ ಅಂಟಿಕೊಂಡಿರುತ್ತದೆ. ಹೀಗೆ ಕಲಸಿಹೋದರೆ ನಮ್ಮ ಉದಾಹರಣೆಯಲ್ಲಿ ಹಿಂದೆ ಬಿದ್ದವರು 3ರ ಬದಲು 6ರ ಆಸುಪಾಸು, ಮುಂದೆ ಬಂದವರು 12ರ ಬದಲು 15ರ ಆಸುಪಾಸು ಬರುತ್ತಾರೆ. 6 ಮತ್ತು 15ಕ್ಕೆ ಪಿ ಮೌಲ್ಯ 0.078. ಇದ್ದ ಬದಲಾವಣೆ ಕಣ್ಮರೆಯಾಯಿತು. ಬೆಳಗ್ಗೆ ಸರಿ ಮಾಡಿದವರಿಗೂ ತಪ್ಪಿದವರಿಗೂ ಸಂಜೆಯ ಯಶಸ್ಸಿನ ಪ್ರಮಾಣ ಒಂದೇ ತೆರನಾಗಿ ಕಂಡರೆ ಅನುಮಾನ ಪಡಬೇಕು. ಬಲ್ಲವರು ಮರುದಿನವೂ ಬಲ್ಲವರಾಗಿರುವುದು ಲೋಕರೂಢಿ. ಸರಿಯಾದ ಪಟ್ಟಿಯಲ್ಲಿ ಬೆಳಗಿನ ಹದಿನಾಲ್ವರಲ್ಲಿ ಹನ್ನೊಂದು ಮಂದಿ ಸಂಜೆಯೂ ಸರಿ, ಉಳಿದ ಇಪ್ಪತ್ತಾರರಲ್ಲಿ ಹನ್ನೆರಡು ಮಂದಿ ಮಾತ್ರ. ಆ ಅಂತರ ಅಳಿಸಿಹೋಗಿದ್ದರೆ ಹೆಸರು ಹೆಸರಿಗೆ ಬೆರಳಿಟ್ಟು ಮತ್ತೆ ಓದುವುದೊಂದೇ ಮದ್ದು.

ಬದಲಾವಣೆ ಸರಿ, ಕಾರಣ?

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ದಿನಕ್ಕೆ ಮೂರು ರಿಜಿಸ್ಟರು ತುಂಬುವ ಮೇಲ್ವಿಚಾರಕಿಯ ಮೇಲೆ ಪಿ ಮೌಲ್ಯದ ಹೊರೆಯನ್ನೂ ಹೊರಿಸಿದರೆ, ಅವರು ತರಬೇತಿಯ ಸಮಯವನ್ನೇ ಕಡಿತ ಮಾಡಬೇಕಾಗುತ್ತದೆ. ಅದಲ್ಲದೆ ಹದಿನೈದರಲ್ಲಿ ಹನ್ನೆರಡು ಮಂದಿ ಮುಂದೆ ಬಂದರು ಎಂಬ ಸರಳ ವಾಕ್ಯ 0.035 ಎಂಬುದಕ್ಕಿಂತ ಹೆಚ್ಚು ಮಂದಿಗೆ ಅರ್ಥವಾಗುತ್ತದೆ. ಇದು ನಿಜ. ಪಿ ಮೌಲ್ಯ ಬದಲಾವಣೆಯ ಗಾತ್ರವನ್ನು ಹೇಳುವುದೂ ಇಲ್ಲ. ಗಾತ್ರಕ್ಕೆ ನೋಡಬೇಕಾದದ್ದು 22.5 ಶೇಕಡಾಂಶದ ಏರಿಕೆಯನ್ನು ಮತ್ತು ಅದರ ಸುತ್ತಲಿನ ಅನಿಶ್ಚಿತತೆಯನ್ನು. ನಲವತ್ತೇ ಮಂದಿಯ ಈ ಲೆಕ್ಕದಲ್ಲಿ ನಿಜವಾದ ಏರಿಕೆ 5 ಇರಬಹುದು, 40ರವರೆಗೂ ಇರಬಹುದು. ಅಷ್ಟು ಅಗಲದ ಅಂತರವನ್ನು ಮುಚ್ಚಿಟ್ಟು ‘ಶೇಕಡಾ 22.5 ಪ್ರಗತಿ’ ಎಂದು ಒಂದೇ ಅಂಕಿ ಬರೆಯುವುದು ಅಳತೆ ಮೀರಿದ ಆತ್ಮವಿಶ್ವಾಸ.

ಪರೀಕ್ಷೆಯ ಪರವಾಗಿ ನಿಲ್ಲುವವರು ಒಪ್ಪಿಕೊಳ್ಳಬೇಕಾದ ಇನ್ನೂ ಗಂಭೀರವಾದ ಮಿತಿಯೊಂದಿದೆ. ಬದಲಾವಣೆ ಆಕಸ್ಮಿಕವಲ್ಲ ಎಂದಷ್ಟೇ ಅದು ಹೇಳುತ್ತದೆ, ತರಬೇತಿಯಿಂದಲೇ ಆಯಿತು ಎಂದಲ್ಲ. ಬೆಳಗಿನ ಪ್ರಯತ್ನವೇ ಸಂಜೆಗೆ ಅಭ್ಯಾಸವಾಗಿರಬಹುದು. ಊಟದ ಹೊತ್ತಿಗೆ ಬಲ್ಲವರು ಪಕ್ಕದವರಿಗೆ ಹೇಳಿಕೊಟ್ಟಿರಬಹುದು. ಬೆಳಗ್ಗೆ ತಪ್ಪಿದವರನ್ನೇ ಆರಿಸಿ ತರಬೇತಿಗೆ ಕಳಿಸಿದ್ದರಂತೂ, ಏನನ್ನೂ ಕಲಿಸದಿದ್ದರೂ ಸಂಜೆ ಕೆಲವರು ಸರಿ ಮಾಡುತ್ತಾರೆ, ಹಿಂದಕ್ಕೆ ಬೀಳಲು ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ಸಂಜೆ ಗುರುತು ಹಾಕುವವರು ತರಬೇತಿ ಕೊಟ್ಟವರೇ ಆಗಿದ್ದರೆ ಅವರ ಕೈ ತುಸು ಉದಾರವಾಗುವುದು ಮನುಷ್ಯ ಸಹಜ. ಸಂಜೆಗೆ ಮೊದಲೇ ಬಸ್ಸು ಹಿಡಿದು ಹೊರಟವರ ಜೋಡಿ ಅಪೂರ್ಣ, ಅವರನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. ಹೊರಟವರು ಹೆಚ್ಚಾಗಿ ಕಷ್ಟಪಡುತ್ತಿದ್ದವರೇ ಆಗಿದ್ದರೆ ಉಳಿದವರ ಫಲಿತಾಂಶ ಹೊಳೆಯುತ್ತದೆ. ಇವು ಯಾವುವನ್ನೂ ಯಾವ ಸೂತ್ರವೂ ಸರಿಪಡಿಸದು. ತರಬೇತಿ ಇನ್ನೂ ತಲುಪದ ಇನ್ನೊಂದು ತಂಡಕ್ಕೆ ಅದೇ ಎರಡು ಹೊತ್ತಿನ ಪರೀಕ್ಷೆ ಕೊಟ್ಟು ಹೋಲಿಸುವುದರಿಂದ ಮಾತ್ರ ಈ ಅನುಮಾನಗಳಲ್ಲಿ ಕೆಲವು ತೀರಬಲ್ಲವು.

ಎರಡೂ ಕಡೆಯ ಮಾತನ್ನು ತೂಗಿದರೆ, ಕ್ಷೇತ್ರದಲ್ಲಿ ದುಡಿಯುವವರಿಂದ ಕೇಳಬೇಕಾದದ್ದು ಪಿ ಮೌಲ್ಯವನ್ನಲ್ಲ ಎಂದು ತೋರುತ್ತದೆ. ಲೆಕ್ಕವನ್ನು ಯಾರಾದರೂ, ಯಾವಾಗಲಾದರೂ, ಒಂದು ನಿಮಿಷದಲ್ಲಿ ಮಾಡಬಹುದು. ಯಾರ ಬೆಳಗು ಯಾರ ಸಂಜೆಯೊಂದಿಗೆ ಸೇರುತ್ತದೆ ಎಂಬ ಮಾಹಿತಿ ಒಮ್ಮೆ ತಪ್ಪಿಹೋದರೆ ಮತ್ತೆ ಸಿಗದು. ವರದಿಯ ನಮೂನೆಯಲ್ಲಿ ‘ಮೊದಲು’, ‘ನಂತರ’ ಎಂಬ ಎರಡು ಮೊತ್ತಗಳ ಜಾಗದಲ್ಲಿ ‘ಇಲ್ಲದಿಂದ ಹೌದಿಗೆ’, ‘ಹೌದಿನಿಂದ ಇಲ್ಲಕ್ಕೆ’, ‘ಎರಡೂ ಹೌದು’, ‘ಎರಡೂ ಇಲ್ಲ’ ಎಂಬ ನಾಲ್ಕು ಮನೆಗಳನ್ನು ಅಚ್ಚುಮಾಡಿಸಲು ಹೆಚ್ಚು ಖರ್ಚಿಲ್ಲ. ಹಾಗೆ ಮಾಡಿದರೆ ಇಲ್ಲಿಯವರೆಗೆ ಯಾವ ವರದಿಯಲ್ಲೂ ಮುಖ ತೋರಿಸದ ಆ ಮೂವರೂ ಕಾಣಿಸಿಕೊಳ್ಳುತ್ತಾರೆ. ಬೆಳಗ್ಗೆ ಸರಿಯಾಗಿ ದ್ರಾವಣ ಮಾಡುತ್ತಿದ್ದವರು ತರಬೇತಿ ಮುಗಿಸಿಕೊಂಡು ಸಂಜೆ ತಪ್ಪಿದ್ದೇಕೆ? ಅರ್ಧ ಪೊಟ್ಟಣ, ಅರ್ಧ ಲೀಟರ್ ಎಂದು ಯಾರಾದರೂ ಹೇಳಿಕೊಟ್ಟರೋ, ಅಳತೆಯ ಪಾತ್ರೆ ಬದಲಾಯಿತೋ, ಇಲ್ಲ ಸಂಜೆಯ ಆತುರವೋ? ಮುಂದಿನ ತಂಡ ಬರುವ ಮೊದಲು ಆ ಮೂವರನ್ನು ಕರೆದು ಕೇಳಬೇಕು, ಕೇಳಲು ಅವರ ಹೆಸರು ಪಟ್ಟಿಯಲ್ಲಿರಬೇಕು.